60 ಟನ್ ರೊಬಸ್ಟಾಗೆ 6 ಲಾಟ್ ಶಾರ್ಟ್: ಹೆಡ್ಜ್ ಇದ್ದೂ 12 ಲಕ್ಷ ಎಲ್ಲಿ ಹೋಯಿತು?

ಬೈಕಂಪಾಡಿ_ಗೋಡೌನ್:
ತಲೆ ಕೆಟ್ಟು ಹೋಗಿದೆ. 60 ಟನ್ ರೊಬಸ್ಟಾ ಕಾಫಿ ಸ್ಟಾಕ್ ಉಂಟು, ಎರಡು ತಿಂಗಳಲ್ಲಿ ಮಾರುವುದು. ದರ ಬಿದ್ದರೆ ಎಂಬ ಹೆದರಿಕೆಗೆ ಬ್ಯಾಂಕ್ ಮೂಲಕ ಲಂಡನ್ ಫ್ಯೂಚರ್ಸ್‌ನಲ್ಲಿ 6 ಲಾಟ್ ಶಾರ್ಟ್ ಮಾಡಿದೆ. ಲಾಟಿಗೆ 10 ಟನ್, ಲೆಕ್ಕ ಸರಿಯೇ. ಟನ್ನಿಗೆ 4,200 ಡಾಲರಿಗೆ ಮಾರಿದ್ದು ಈಗ 4,600. 24,000 ಡಾಲರ್, ಅಂದರೆ 20.4 ಲಕ್ಷ ಹೋಯಿತು. ಹೋಗಲಿ, ಅಷ್ಟೇ ದುಡ್ಡು ಇಲ್ಲಿನ ಸ್ಟಾಕಿನಲ್ಲಿ ಬರಬೇಕಿತ್ತಲ್ಲ? ಬಂದದ್ದು ಚೀಲಕ್ಕೆ 675 ರೂಪಾಯಿ, ಒಟ್ಟು 8.1 ಲಕ್ಷ. ಇಲ್ಲಿನ ದರಕ್ಕೂ ಲಂಡನ್ನಿಗೂ ಇರುವ ಅಂತರ, ಈ ಬೇಸಿಸ್, ಇಷ್ಟು ದೊಡ್ಡದಾ?

ಬಂದರು_ಡಾಲರ್:
ಡಾಲರ್ ಹೆಡ್ಜ್ ಮಾಡಿದ್ದೀರಾ? ಇಲ್ಲದಿದ್ದರೆ ಅದೇ ಕಾರಣ.

ಬೈಕಂಪಾಡಿ_ಗೋಡೌನ್:
ಆವತ್ತೂ 85, ಇವತ್ತೂ 85.

ಬಂದರು_ಡಾಲರ್:
ಮಧ್ಯದಲ್ಲಿ ಅಲ್ಲಾಡಿರುತ್ತದೆ. ಇಲ್ಲಿನ ದರ ಲಂಡನ್ ಗುಣಿಸು ಡಾಲರ್, ಎರಡರಲ್ಲಿ ಒಂದನ್ನು ಬಿಟ್ಟರೆ ಅರ್ಧ ಹೆಡ್ಜ್ ಅಷ್ಟೆ.

ಕಟ್ಟೆಲೆಕ್ಕ:
ಮಾತು ಸರಿ, ಆದರೆ ಈ ಕೇಸಿನದ್ದಲ್ಲ. ಎರಡೂ ದಿನ 85 ಇದ್ದರೆ ಮಧ್ಯೆ ಅಲ್ಲಾಡಿದ್ದರಿಂದ 12 ಲಕ್ಷ ಹೋಗುವುದಿಲ್ಲ. ಗೋಡೌನ್ ಅವರೇ, 675ಕ್ಕೆ 8.1 ಲಕ್ಷ ಆಗಬೇಕಾದರೆ 1,200 ಚೀಲ, ಚೀಲಕ್ಕೆ 50 ಕೆಜಿ. ನಿಮ್ಮದು ಚೆರ್ರಿಯಾ, ಕ್ಲೀನ್ ಬೀಜವಾ?

ಬೈಕಂಪಾಡಿ_ಗೋಡೌನ್:
ಚೆರ್ರಿ. ಇನ್ನೂ ಕ್ಯೂರಿಂಗ್‌ಗೆ ಕೊಟ್ಟಿಲ್ಲ. ಅದರಲ್ಲಿ ಹೇಳಲಿಕ್ಕೆ ಎಂತ ಉಂಟು?

ಕಟ್ಟೆಲೆಕ್ಕ:
ಅಲ್ಲೇ ಇರುವುದು ಮಾರಾಯ್ರೆ. ಲಂಡನ್ ಲಾಟ್ 10 ಟನ್ ಹಸಿರು ಬೀಜದ್ದು, ಸಿಪ್ಪೆಯದ್ದಲ್ಲ. ಔಟ್‌ಟರ್ನ್ 27 ಹಿಡಿದರೆ 50 ಕೆಜಿ ಚೆರ್ರಿಗೆ 27 ಕೆಜಿ ಬೀಜ. 60 ಟನ್ನಿಗೆ 32.4 ಟನ್. ನಿಮಗೆ ಬೇಕಾಗಿದ್ದದ್ದು 3 ಲಾಟ್. ಹೆಚ್ಚಿನ 3 ಲಾಟ್ ಹೆಡ್ಜ್ ಅಲ್ಲ, ಬರೀ ಸಟ್ಟಾ. 12.3 ಲಕ್ಷದಲ್ಲಿ 10.2 ಅದರದ್ದೇ.

ಉಳಿದ 2.1 ಲಕ್ಷ ನಿಜವಾದ ಬೇಸಿಸ್. ಲಂಡನ್ ಕೆಜಿಗೆ 34 ರೂಪಾಯಿ ಏರಿತು, ಇಲ್ಲಿನ ಪಾಯಿಂಟ್, ಅಂದರೆ ಬೀಜದ ಕೆಜಿ ದರ, 360 ಇದ್ದದ್ದು 385, ಬರೀ 25. ಆಗ ಇಲ್ಲಿನ ದರ ಲಂಡನ್ನಿಗಿಂತ 3 ರೂಪಾಯಿ ಮೇಲಿತ್ತು, ಈಗ 6 ಕೆಳಗೆ. 30 ಟನ್ ಮೇಲೆ 9 ರೂಪಾಯಿ, 2.7 ಲಕ್ಷ ನಷ್ಟ. ಹೆಡ್ಜ್ ಇಲ್ಲದ 2.4 ಟನ್ನಿನ 60,000 ಲಾಭ ಕಳೆಯಿರಿ, 2.1 ಬರುತ್ತದೆ.

ಮಲ್ಪೆ_ಎಕ್ಸೆಲ್:
25 ಭಾಗಿಸು 34, 0.74. ಇನ್ನು ಮುಂದೆ ಅದನ್ನೇ ಹೆಡ್ಜ್ ಅನುಪಾತ ಹಿಡಿಯಿರಿ. ನನ್ನ ಶೀಟಿನಲ್ಲಿ ದರಕ್ಕೆ ದರ ಇಟ್ಟರೆ ಇನ್ನೂ ಚೆಂದ ಬರುತ್ತದೆ, ಆರ್-ಸ್ಕ್ವೇರ್ 0.95. ಮೂರು ಸ್ಕ್ರೀನಿನಲ್ಲಿ ಲೈವ್ ಓಡುತ್ತದೆ.

ಕಟ್ಟೆಲೆಕ್ಕ:
ಒಂದು ಸಲದ ಏರಿಕೆಯಿಂದ ಅನುಪಾತ ತೆಗೆಯಬೇಡಿ. 0.95 ಕೂಡ ಮೋಸದ್ದು, ವರ್ಷವಿಡೀ ಒಟ್ಟಿಗೆ ಏರಿದ ಎರಡು ದರಕ್ಕೆ ಹಾಗೆ ಬರುವುದೇ. ವಾರದಿಂದ ವಾರಕ್ಕೆ ಎಷ್ಟು ಬದಲಾಯಿತು ಅದನ್ನು ಇಡಿ, 52 ವಾರದ್ದು. C ಕಾಲಮಿನಲ್ಲಿ ಇಲ್ಲಿನ ಪಾಯಿಂಟಿನ ಬದಲಾವಣೆ, D ಯಲ್ಲಿ ಲಂಡನ್ನನ್ನು ರೂಪಾಯಿಗೆ ತಂದು ಅದರ ಬದಲಾವಣೆ:

```
=SLOPE(C3:C54,D3:D54)
=RSQ(C3:C54,D3:D54)
```

ದಿನ ಜೋಡಿಸುವಾಗ ಜಾಗ್ರತೆ. ಲಂಡನ್ ಶುಕ್ರವಾರ ಮುಚ್ಚುವಾಗ ನಮಗೆ ರಾತ್ರಿ, ಇಲ್ಲಿ ಅದರ ಪರಿಣಾಮ ಶನಿವಾರದ ದರದಲ್ಲಿ. ಶುಕ್ರವಾರಕ್ಕೆ ಶುಕ್ರವಾರ ಇಟ್ಟರೆ ಇಳಿಜಾರು ಸುಮ್ಮನೆ ಸಣ್ಣದಾಗಿ ಕಾಣುತ್ತದೆ.

ಬೈಕಂಪಾಡಿ_ಗೋಡೌನ್:
ಶನಿವಾರದ ದರ ಇಟ್ಟು ಮಾಡಿದೆ. 0.8 ಬಂತು, ಕೆಳಗಿನದ್ದು 0.6. ಅಂದರೆ 60 ಪರ್ಸೆಂಟ್ ರಿಸ್ಕ್ ಹೋಯಿತು?

ಕಟ್ಟೆಲೆಕ್ಕ:
ಅಷ್ಟು ಹೋಗುವುದಿಲ್ಲ. 0.6 ಇರುವುದು ವರ್ಗದ ಲೆಕ್ಕದಲ್ಲಿ. ಉಳಿದ 0.4ರ ವರ್ಗಮೂಲ ಸುಮಾರು 0.63. ಹೆಡ್ಜ್ ಮಾಡಿಯೂ ರೂಪಾಯಿ ಲೆಕ್ಕದಲ್ಲಿ ದರದ ಏರಿಳಿತದ 63 ಪರ್ಸೆಂಟ್ ನಿಮ್ಮ ತಲೆ ಮೇಲೇ. ಅದು ಅನುಪಾತ ತಿದ್ದಿದರೆ ಹೋಗುವಂಥದ್ದಲ್ಲ, ಇಲ್ಲಿನ ಚೆರ್ರಿಗೂ ಲಂಡನ್ ಬೀಜಕ್ಕೂ ಇರುವ ಅಂತರದ್ದು.

ಉಡುಪಿ_ಚಾಲಿ:
ಇದೇ ಲೆಕ್ಕ ಅಡಿಕೆಗೆ ಆಗುತ್ತದಾ? ಹೊಸ ಚಾಲಿ 8 ಟನ್ ಉಂಟು.

ಬಂದರು_ಡಾಲರ್:
ಅಡಿಕೆಗೆ ಫ್ಯೂಚರ್ಸ್ ಎಲ್ಲುಂಟು? ಲಂಡನ್ ಕಾಫಿಗೂ ನಿಮ್ಮ ಚಾಲಿಗೂ ಎಂತ ಸಂಬಂಧ?

ಬೈಕಂಪಾಡಿ_ಗೋಡೌನ್:
32.4ರ 0.8 ಅಂದರೆ 25.9 ಟನ್. 2 ಲಾಟಾ, 3 ಲಾಟಾ? ಹೆಚ್ಚಿನದ್ದನ್ನು ಇವತ್ತೇ ಕಟ್ ಮಾಡಲಾ?

ಮಲ್ಪೆ_ಎಕ್ಸೆಲ್:
ಈಗ ಕಟ್ ಮಾಡಿದರೆ ನಷ್ಟ ಪಕ್ಕಾ. ಲಂಡನ್ ಇಳಿಯುವ ತನಕ ಕಾಯಿರಿ.

ಕಟ್ಟೆಲೆಕ್ಕ:
ಇಳಿಯುತ್ತದೆ ಎಂಬುದು ನಿಮ್ಮ ಊಹೆ, ಸ್ಟಾಕಿಗೂ ಅದಕ್ಕೂ ಸಂಬಂಧ ಇಲ್ಲ. ಮೂರು ಇವತ್ತೇ ಕಟ್. ಉಳಿದ ಮೂರರಲ್ಲಿ ಇನ್ನೊಂದನ್ನು ತೆಗೆಯುವುದು ಬಿಡುವುದು ನಿಮ್ಮ ಧೈರ್ಯ. 25.9ಕ್ಕೆ ಹತ್ತಿರ 3, ನಾನಾದರೆ ಅದನ್ನೇ ಇಡುತ್ತೇನೆ.

ಬಂದರು_ಡಾಲರ್:
ನಾನಾದರೆ 2. ಮಾರ್ಜಿನ್ ಕಾಲ್ ರಾತ್ರಿ ಬರುತ್ತದೆ, ಚೆರ್ರಿಯ ದುಡ್ಡು ಎರಡು ತಿಂಗಳ ಮೇಲೆ.

ಬೈಕಂಪಾಡಿ_ಗೋಡೌನ್:
ಮೂರು ಕಟ್ ಮಾಡಿದೆ. ಸ್ಯಾಂಪಲ್ ಕ್ಯೂರಿಂಗ್‌ನವರಿಗೆ ಕೊಟ್ಟಿದ್ದೆ, ಚೀಟಿ ಈಗ ಬಂತು: ಔಟ್‌ಟರ್ನ್ 27 ಅಲ್ಲ, 25.5. ಬೀಜ 30.6 ಟನ್ ಅಷ್ಟೆ. ಆ 8.1 ಲಕ್ಷವೂ ಪೂರ್ತಿ ಇಲ್ಲ ಅಂತಾಯಿತು.

ಉಡುಪಿ_ಚಾಲಿ:
ಕಾಳುಮೆಣಸು ಒಂದು ಟನ್ ಕೂಡ ಉಂಟು. ಅದಕ್ಕಾದರೂ ಎಂತಾದರೂ ಉಂಟಾ?