ಸಹಾಯ ಬೇಕು: ಇದ್ದಿಲ ಮೇಲೆ ಜೋಳ ಸುಡುವಾಗ ಎಷ್ಟು ಸಲ ತಿರುಗಿಸಬೇಕು?

ನಮಸ್ಕಾರ. ಮಳೆಗಾಲ ಅಲ್ವಾ, ಮನೆಯಲ್ಲಿ ಇದ್ದಿಲು ಹಚ್ಚಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದೇವೆ. ಕಾಳಿನ ತುದಿ ಕಪ್ಪಾಗುತ್ತದೆ, ಬುಡ ಮಾತ್ರ ಹಸಿಹಸಿ.

ತೆನೆ ಎಳೆಯದೇ, ಉಗುರು ಒತ್ತಿದರೆ ಹಾಲು ಚಿಮ್ಮುತ್ತದೆ. ಅದೇ ದಿನ ಕಿತ್ತದ್ದು, ಹಾಗಾಗಿ ಸಿಹಿ ಹೋಗಿರುವ ಮಾತಿಲ್ಲ. ಉರಿ ಆರಿ ಇದ್ದಿಲ ಮೇಲೆ ಬಿಳಿ ಬೂದಿ ಕಟ್ಟಿದ ಮೇಲೆಯೇ, ಎರಡು ಮೂರು ಇಂಚು ಎತ್ತರದಲ್ಲಿ ಜಾಲರಿ ಇಡುತ್ತೇವೆ. ಸುಮಾರು ಅರ್ಧ ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸಿದರೆ ಬಣ್ಣ ಸಮನಾಗಿ ಬರುತ್ತದೆ, ಆದರೆ ಅಷ್ಟರಲ್ಲಿ ಕಾಳು ಸುಕ್ಕಾಗಿ ಗಟ್ಟಿಯಾಗುತ್ತದೆ. ತಡವಾಗಿ ತಿರುಗಿಸಿದರೆ ಒಂದು ಸಾಲು ಪೂರ್ತಿ ಸೀದು ಕಹಿ!

ಗಾಡಿಯವರು ಸುಮ್ನೆ ಬೀಸಣಿಗೆ ಬೀಸುತ್ತಾ ಕೆಂಡದ ಮೇಲೇ ಇಟ್ಟು ಸುಡುತ್ತಾರೆ, ಅವರದ್ದು ಹೇಗೆ ಮೆತ್ತಗಿರುತ್ತದೆ?

ನನ್ನ ಊಹೆ, ಒಳಗಿನ ಎರಡು ಸಿಪ್ಪೆ ಬಿಟ್ಟು ಐದಾರು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಸುಲಿದು ಬೇಗ ಬೇಗ ತಿರುಗಿಸುತ್ತಾ ಬಣ್ಣ ಹಿಡಿಸಬೇಕು. ಹೀಗೆ ಮಾಡಿದವರು ಇದ್ದೀರಾ? ಸುಟ್ಟ ವಾಸನೆ ಕಡಿಮೆ ಆಗುತ್ತದಾ? ಇಳಿಸೋದು ಯಾವಾಗ, ಚಟಪಟ ಸದ್ದು ಶುರುವಾದಾಗಲೇ, ಅಥವಾ ಅಲ್ಲಲ್ಲಿ ಕಂದು ಚುಕ್ಕೆ ಬಿದ್ದ ಮೇಲಾ? ಸ್ವೀಟ್ ಕಾರ್ನ್ ಅಲ್ಲ, ನಾಟಿ ತೆನೆ ಸುಟ್ಟವರು ಹೇಳಿ.