ಗೋರಂಟಿ ಪುಡಿ: ಒಬ್ಬರಿಗೆ ಕಿತ್ತಳೆ, ಒಬ್ಬರಿಗೆ ಕಪ್ಪು, ಒಬ್ಬರಿಗೆ ತುರಿಕೆ. ಎಲ್ಲಿ ತಪ್ಪಿದೆ?

ಸುಮ, ಹೊಸನಗರ
ನಮಸ್ಕಾರ. ಬೇಲಿ ಸಾಲಿನ ಗೋರಂಟಿ ಸೊಪ್ಪು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಗುರುತಿನವರಿಗೆ ಕೊಡ್ತಿದ್ದೆ. ಈ ಸಲ ವಾಟ್ಸಾಪಲ್ಲಿ ಹೀಗೆ ಹಾಕಿದೆ: "ಶುದ್ಧ ಗಿಡಮೂಲಿಕೆ ಪುಡಿ. ಗೋರಂಟಿ, ನೆಲ್ಲಿಕಾಯಿ, ಗರುಗದ ಸೊಪ್ಪು, ದಾಸವಾಳ ಎಲೆ, ಸೀಗೆಕಾಯಿ. ಒಂದೇ ಸಲಕ್ಕೆ ಕಪ್ಪು ಕೂದಲು. ಮೊದಲು 15 ನಿಮಿಷ ಕೈಗೆ ಹಚ್ಚಿ ನೋಡಿ."
ಹನ್ನೊಂದು ಪ್ಯಾಕೆಟ್ ಹೋಯ್ತು. ಇಬ್ಬರು ಬರೀ ಕಿತ್ತಳೆ ಬಣ್ಣ ಬಂತು ಅಂದ್ರು. ಒಬ್ಬರಿಗೆ ಚೆನ್ನಾಗಿ ಕಪ್ಪಾಗಿದೆಯಂತೆ. ಇನ್ನೊಬ್ಬ ಅಕ್ಕ ಭಾನುವಾರ ಹಚ್ಚಿದ್ದು, ಮಂಗಳವಾರ ರಾತ್ರಿ ಹಣೆ, ಕಿವಿ ಹಿಂದೆ ತುರಿಕೆ, ಬುಧವಾರ ಬೆಳಗ್ಗೆ ಕಣ್ಣಿನ ರೆಪ್ಪೆ ಊದಿದೆ. ಎಲ್ಲಾ ಸೊಪ್ಪೇ ಅಲ್ವಾ, ಹೀಗ್ಯಾಕೆ?

ಆಗುಂಬೆ ಮಳೆ
ಸುಮಕ್ಕ, ಕಿತ್ತಳೆಗೆ ಮದ್ದು ಸುಲಭ. ಕಬ್ಬಿಣದ ಬಾಣಲೆಯಲ್ಲಿ ಟೀ ಡಿಕಾಕ್ಷನ್ ಕುದಿಸಿ ಪುಡಿ ಕಲಸಿ ರಾತ್ರಿಯಿಡೀ ಇಟ್ಟರೆ ಕಪ್ಪಾಗೇ ಆಗುತ್ತೆ. ನಮ್ಮಜ್ಜಿ ಹಾಗೇ ಮಾಡ್ತಿದ್ರು.

ಪಾರ್ಲರ್ ಅಕ್ಕ, ತೀರ್ಥಹಳ್ಳಿ
ಮೊದಲು ರೆಪ್ಪೆ ಊದಿದ ಅಕ್ಕನ ವಿಷಯ. ತಕ್ಷಣ ಚರ್ಮದ ಡಾಕ್ಟರ್ ಹತ್ರ ಹೋಗಲಿ, ಉಳಿದ ಪುಡಿ ಜೊತೆಗೆ ಒಯ್ಯಲಿ. ಹಚ್ಚಿದ ಕೂಡಲೇ ಉರಿದಿದ್ರೆ ಬೇರೆ ಮಾತು. ಎರಡು ದಿನ ಬಿಟ್ಟು ಶುರುವಾಗಿದ್ದು ಅಲರ್ಜಿಯ ಲಕ್ಷಣ.
ಈಗ ನನ್ನ ಪ್ರಶ್ನೆ. ನೀವು ಬರೆದ ಐದು ಪದಾರ್ಥದಲ್ಲಿ ಯಾವುದೂ ಒಂದೇ ಸಲಕ್ಕೆ ಬಿಳಿ ಕೂದಲನ್ನ ಕಪ್ಪು ಮಾಡಲ್ಲ. ಒಬ್ಬರಿಗೆ ಕಪ್ಪಾಗಿದೆ ಅಂದ್ರೆ ಪುಡಿಯಲ್ಲಿ ಆರನೇದು ಏನೋ ಇದೆ. ಏನು ಹಾಕಿದ್ರಿ?

ಸುಮ, ಹೊಸನಗರ
ಹ್ಞೂಂ, ಬರೆಯೋಕೆ ಮರೆತೆ ಅಂತಲ್ಲ, ಮುಖ್ಯ ಅನ್ನಿಸಲಿಲ್ಲ. ಶಿವಮೊಗ್ಗದ ಒಂದು ಅಂಗಡಿಯಿಂದ ಕಪ್ಪು ಪುಡಿ ಕಾಲು ಕೇಜಿ ತಂದಿದ್ದೆ. "ನೀಲಿ ಸೊಪ್ಪಿನ ಪುಡಿ, ನ್ಯಾಚುರಲ್" ಅಂದ್ರು. ಪ್ಯಾಕೆಟ್ ಮೇಲೆ ಹೆಸರಿಲ್ಲ. ಕೈಯಲ್ಲೇ ಕಲಸಿದ್ದು, ಒಂದೊಂದು ಪ್ಯಾಕೆಟ್‌ಗೆ ಹೆಚ್ಚುಕಮ್ಮಿ ಆಗಿರಬಹುದು.

ಸಾಗರದ ಪ್ರಶಾಂತ
ಮೇಡಂ, ನನಗೂ ಕೂದಲು ಉದುರ್ತಿದೆ, ನೆತ್ತಿ ಕಾಣ್ತಾ ಇದೆ. ಗರುಗದ ಎಣ್ಣೆ ಹಚ್ಚಿದ್ರೆ ಎಷ್ಟು ದಿನಕ್ಕೆ ಬರುತ್ತೆ?

ಪಾರ್ಲರ್ ಅಕ್ಕ, ತೀರ್ಥಹಳ್ಳಿ
ಪ್ರಶಾಂತ್, ಇಲ್ಲಿ ಮಾತಾಡ್ತಿರೋದು ಬಣ್ಣದ ವಿಷಯ. ಎಣ್ಣೆ ಹಚ್ಚಿದ್ರೆ ಕೂದಲು ನುಣುಪಾಗುತ್ತೆ, ತುದಿ ಒಡೆಯೋದು ಕಮ್ಮಿ. ನೆತ್ತಿ ಬರಿದಾಗ್ತಿದ್ರೆ ಡಾಕ್ಟರಿಗೆ ತೋರಿಸಿ.
ಸುಮ, ನೀಲಿ ಸೊಪ್ಪಿನ ಪುಡಿ ಕಪ್ಪಗಿರಲ್ಲ. ಅದೂ ಎಲೆಯೇ, ಹಸಿರು ಪುಡಿ. ನೀರಲ್ಲಿ ಕಲಸಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಮೇಲೆ ನೀಲಿ ಛಾಯೆ ಕಟ್ಟುತ್ತೆ. ಅಂಗಡಿಯ ಪುಡಿ ಕಪ್ಪಗಿತ್ತು ಅಂದಾಗಲೇ ನನಗೆ ಸಂಶಯ ಬಂತು. ಹೇರ್ ಡೈಗೆ ಹಾಕುವ ಪಿಪಿಡಿ ಅನ್ನೋ ರಾಸಾಯನಿಕವನ್ನ "ಕಪ್ಪು ಮೆಹಂದಿ" ಹೆಸರಲ್ಲಿ ಬೆರೆಸಿ ಮಾರೋದು ಹೊಸದಲ್ಲ. ಅದಕ್ಕೆ ಮೈ ಒಗ್ಗದವರಿಗೆ ಆಗೋದು ಹೀಗೇ.

ಆಗುಂಬೆ ಮಳೆ
ಸುಟ್ಟ ನೆಲ್ಲಿಕಾಯಿ ಪುಡಿನೂ ಕಪ್ಪಗೇ ಇರುತ್ತೆ ಅಲ್ವಾ? ಸುಮ್ಮನೆ ಹೆದರಿಸ್ಬೇಡಿ ಮಾರಾಯ್ರೆ.

ಪಾರ್ಲರ್ ಅಕ್ಕ, ತೀರ್ಥಹಳ್ಳಿ
ಇರಬಹುದು, ಒಪ್ಪಿದೆ. ಹಾಗಾದ್ರೆ ನೋಡೋಣ. ಸುಮ, ಬಾಚಣಿಗೆಗೆ ಸಿಕ್ಕ ಬಿಳಿ ಕೂದಲು ತಗೊಂಡು ನೂಲಲ್ಲಿ ಎರಡು ಕಟ್ಟು ಕಟ್ಟಿ. ಒಂದಕ್ಕೆ ಬರೀ ಗೋರಂಟಿ, ಇನ್ನೊಂದಕ್ಕೆ ಕಪ್ಪು ಪುಡಿ ಮಾತ್ರ. ಕೈಗವಸು ಹಾಕ್ಕೊಳ್ಳಿ, ಅದನ್ನ ಯಾರ ಚರ್ಮಕ್ಕೂ ಹಚ್ಚಬೇಡಿ. ಸುಟ್ಟ ನೆಲ್ಲಿಕಾಯಿ ತೊಳೆದ್ರೆ ಹೋಗುತ್ತೆ. ಒಂದು ಗಂಟೆಯಲ್ಲಿ ತೊಳೆದರೂ ಹೋಗದ ಗಾಢ ಕಪ್ಪು ಬಂದ್ರೆ ಅದು ಎಲೆಯದ್ದೂ ಅಲ್ಲ, ನೆಲ್ಲಿಕಾಯಿದೂ ಅಲ್ಲ. ಕಪ್ಪಾಗಲಿಲ್ಲ ಅಂತ ಸುರಕ್ಷಿತ ಅಂತಲೂ ಹೇಳೋಕಾಗಲ್ಲ.
ಮತ್ತೆ ಬಾಣಲೆ, ಟೀ ವಿಷಯ. ಕಬ್ಬಿಣ, ಟೀ ಸೇರಿದ್ರೆ ಬಣ್ಣ ಸ್ವಲ್ಪ ಗಾಢವಾಗುತ್ತೆ ನಿಜ. ಆದ್ರೆ ಗೋರಂಟಿ ಕಪ್ಪಾಗಲ್ಲ. ಕುದಿಯೋ ನೀರೂ ಬೇಡ, ಉಗುರು ಬೆಚ್ಚಗೆ ಸಾಕು.
ಕಿತ್ತಳೆಗೆ ನನಗೆ ಕಾಣೋ ಕಾರಣ ಎರಡು. ಐದಾರು ಪುಡಿ ಸೇರಿಸಿದಾಗ ಬಣ್ಣ ಕೊಡೋ ಗೋರಂಟಿ ಪಾಲು ತೀರಾ ಕಮ್ಮಿ ಆಗುತ್ತೆ. ಸೀಗೆಕಾಯಿ, ದಾಸವಾಳ ಬಣ್ಣ ಕೊಡಲ್ಲ. ಇನ್ನೊಂದು ನಮ್ಮ ಮಳೆ. ಜುಲೈನಲ್ಲಿ ಕಲಸಿದ್ದು ನಾಲ್ಕು ತಾಸಲ್ಲಿ ಬಣ್ಣ ಬಿಡಲ್ಲ, ಅದಕ್ಕೆ ಸೆಖೆ ಬೇಕು. ನಾನು ಬಚ್ಚಲ ಹಂಡೆ ಪಕ್ಕ ಮುಚ್ಚಿಟ್ಟು ಎಂಟು ಹತ್ತು ತಾಸು ಬಿಡ್ತೀನಿ. ಬಣ್ಣ ಬಿಟ್ಟಿದೆಯಾ ಅಂತ ನೋಡೋಕೆ ಅಂಗೈಯಲ್ಲಿ ಚಿಟಿಕೆ ಇಟ್ಟು ಕಾಲು ತಾಸಲ್ಲಿ ಒರೆಸಿ, ಕಿತ್ತಳೆ ಮಚ್ಚೆ ಬಂದ್ರೆ ತಯಾರು. ಪುಡಿ ಹಸಿರು ಹೋಗಿ ಕಂದಾಗಿದ್ರೆ, ಗಂಟು ಕಟ್ಟಿದ್ರೆ ತಂಡಿ ಹಿಡಿದಿದೆ, ಅದು ಬಣ್ಣ ಕೊಡಲ್ಲ.

ಸುಮ, ಹೊಸನಗರ (ಐದು ದಿನ ಬಿಟ್ಟು)
ಅತ್ತೆ ಕೂದಲಲ್ಲಿ ಮಾಡಿದೆ. ಗೋರಂಟಿ ಕಟ್ಟು ಮೊದಲ ದಿನ ಕ್ಯಾರೆಟ್ ಹಾಗಿತ್ತು, ಮೂರನೇ ದಿನಕ್ಕೆ ಕೆಂಪು ಕಂದು. ಆ ಇಬ್ಬರು ಬಹುಶಃ ಮರುದಿನವೇ ನೋಡಿ ಬೇಜಾರಾದ್ರು ಅನ್ಸುತ್ತೆ. ಕಪ್ಪು ಪುಡಿ ಕಟ್ಟು ಒಂದು ತಾಸಲ್ಲೇ ಕಪ್ಪು, ಎರಡು ಸಲ ತೊಳೆದರೂ ಹೋಗಲಿಲ್ಲ. ಉಳಿದ ಪ್ಯಾಕೆಟ್ ಎಲ್ಲ ವಾಪಸ್ ತರಿಸಿಕೊಂಡೆ. ಆ ಅಕ್ಕನಿಗೆ ಶಿವಮೊಗ್ಗದ ಡಾಕ್ಟರ್ ಮಾತ್ರೆ, ಮುಲಾಮು ಕೊಟ್ಟಿದ್ದಾರೆ. ಅಲರ್ಜಿ ಅಂದ್ರಂತೆ, ಯಾವುದಕ್ಕೆ ಅಂತ ಗೊತ್ತಾಗೋಕೆ ಮೈ ಮೇಲೆ ಟೆಸ್ಟ್ ಮಾಡಬೇಕಂತೆ. ಏಪ್ರಿಲಲ್ಲಿ ಅವರು ಹೇರ್ ಡೈನೂ ಹಚ್ಚಿಸಿಕೊಂಡಿದ್ರಂತೆ.

ಪಾರ್ಲರ್ ಅಕ್ಕ, ತೀರ್ಥಹಳ್ಳಿ
ಆ ಡೈಯಿಂದಲೇ ಮೈ ಅಲರ್ಜಿ ಕಲಿತಿರಬಹುದು, ಎರಡನೇ ಸಲಕ್ಕೆ ತೋರಿಸಿದೆ. ಅಥವಾ ಬೇರೇನೋ. ಟೆಸ್ಟ್ ಆಗೋವರೆಗೆ ಹೇಳೋಕಾಗಲ್ಲ. ನಿಮ್ಮ "15 ನಿಮಿಷ ಕೈಗೆ" ಮಾತ್ರ ತೆಗೆಯಿರಿ. ಅವರಿಗೆ ತುರಿಕೆ ಬಂದಿದ್ದೇ ಎರಡು ದಿನಕ್ಕೆ.

ಸುಮ, ಹೊಸನಗರ
ಹೊಸದು ಹೀಗೆ ಬರೆದಿದ್ದೀನಿ, ತಿದ್ದಿ:
"ಗೋರಂಟಿ ಸೊಪ್ಪಿನ ಪುಡಿ 100 ಗ್ರಾಂ. ಬೇರೇನೂ ಸೇರಿಸಿಲ್ಲ. ಬಿಳಿ ಕೂದಲು ಕಪ್ಪಾಗುವುದಿಲ್ಲ. ಮೊದಲ ದಿನ ಕಿತ್ತಳೆ, ಎರಡು ಮೂರು ದಿನಕ್ಕೆ ಕೆಂಪು ಕಂದು. ಹೊಸ ಕೂದಲು ಬಿಳಿಯಾಗೇ ಬರುತ್ತದೆ, ಒಂದು ತಿಂಗಳಲ್ಲಿ ಬುಡ ಕಾಣಬಹುದು. ಹಚ್ಚುವ ಮೊದಲು ಕಲಸಿದ್ದನ್ನು ಮೊಣಕೈ ಒಳಮಡಿಕೆಗೆ ರೂಪಾಯಿ ನಾಣ್ಯದಷ್ಟು ಹಚ್ಚಿ, ಒಣಗಿದ ಮೇಲೆ ತೊಳೆದು ಎರಡು ದಿನ ನೋಡಿ. ತುರಿಕೆ, ಗುಳ್ಳೆ ಬಂದರೆ ಬಳಸಬೇಡಿ. ಪ್ರತಿ ಹೊಸ ಪ್ಯಾಕೆಟ್‌ಗೂ ಹೀಗೇ ನೋಡಿ."

ಪಾರ್ಲರ್ ಅಕ್ಕ, ತೀರ್ಥಹಳ್ಳಿ
ಚೆನ್ನಾಗಿದೆ. ಎಳೆ ಮಕ್ಕಳಿಗೆ, ರಕ್ತದಲ್ಲಿ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋರಿಗೆ ಬೇಡ ಅಂತ ಸೇರಿಸಿ, ಅಂಥವರಿಗೆ ಗೋರಂಟಿಯಿಂದಲೇ ರಕ್ತದ ತೊಂದರೆ ಆಗಬಹುದು. ಪುಡಿ ಮಾಡಿದ ತಿಂಗಳೂ ಬರೆಯಿರಿ. ಇನ್ನು ದುಡ್ಡು ತಗೊಂಡು ಮಾರೋದಾದ್ರೆ ಲೈಸೆನ್ಸ್ ಏನು ಬೇಕು ಅಂತ ಔಷಧ ನಿಯಂತ್ರಣ ಕಚೇರಿಯಲ್ಲಿ ಕೇಳಿ.

ಆಗುಂಬೆ ಮಳೆ
ಎಲ್ಲಾ ಸರಿ. "ಕಪ್ಪಾಗಲ್ಲ" ಅಂತ ಬರೆದ್ರೆ ಯಾರು ತಗೋತಾರೆ?

ಸುಮ, ಹೊಸನಗರ
ನಿನ್ನೆ ಮೂರು ಜನ ಕೇಳಿದ್ರು. ಒಬ್ಬರು ಕಪ್ಪೇ ಬೇಕು ಅಂದ್ರು, ನನ್ನ ಹತ್ರ ಇಲ್ಲ ಅಂದೆ. ಹಸಿರಾಗಿರೋ ನೀಲಿ ಸೊಪ್ಪಿನ ಪುಡಿ ಎಲ್ಲಿ ಸಿಗುತ್ತೆ ಅಂತ ಯಾರಿಗಾದ್ರೂ ಗೊತ್ತಾ?