ಅಪ್‌ಡೇಟ್: ಬೇಕರಿಯ ಗೂಗಲ್ ಪ್ರೊಫೈಲ್ ಕೊನೆಗೂ ನಮ್ಮ ಕೈಗೆ ಬಂತು

ನಾನು ಕೇಳಿದ್ದು: "ಕೆಲಸ ಬಿಟ್ಟ ಹುಡುಗನ ಸ್ವಂತ ಜಿಮೇಲ್‌ನಲ್ಲಿ ನಮ್ಮ ಬೇಕರಿಯ ಗೂಗಲ್ ಬಿಸಿನೆಸ್ ಪ್ರೊಫೈಲ್ ಇದೆ. ಗಿರಾಕಿಗಳ ಫೋನ್ ಈಗಲೂ ಅವನಿಗೇ ಹೋಗುತ್ತೆ. ವಾಪಸ್ ಪಡೆಯೋದು ಹೇಗೆ?"

ಅಂಗಡಿ ಮೇಲ್‌ನ ಪಾಸ್‌ವರ್ಡ್ ಬದಲಿಸಿದ್ದು ಉಪಯೋಗಕ್ಕೆ ಬರಲಿಲ್ಲ. ಅವನು ಒಳಗೆ ಬರ್ತಿದ್ದದ್ದು ತನ್ನದೇ ಖಾತೆಯಿಂದ, ಅಲ್ವಾ? ಕೆಲಸಕ್ಕೆ ಬಂದದ್ದು "ಮೊದಲು ಅವನಿಗೇ ಫೋನ್ ಮಾಡಿ" ಎಂದವರ ಸಲಹೆ. ಹುಡುಗ ಒಳ್ಳೆಯವನು, ಅಂಗಡಿ ಮೇಲನ್ನು ಓನರ್ ಆಗಿ ಸೇರಿಸಿದ. ಹೊಸದಾಗಿ ಸೇರಿದವರು 7 ದಿನ ಯಾರನ್ನೂ ತೆಗೆಯೋಕಾಗಲ್ಲ. ಅಲ್ಲಿವರೆಗೆ ಕಾದೆವು. ಆಮೇಲೆ ಅವನೇ ಪ್ರೈಮರಿ ಓನರ್ ಹಕ್ಕನ್ನು ನಮಗೆ ಕೊಟ್ಟ, ನಾವು ಅವನ ಹೆಸರು ತೆಗೆದೆವು.

ನನಗೆ ಆಶ್ಚರ್ಯವಾಗಿದ್ದು ಇನ್ನೊಂದು ವಿಷಯ. ಅಂಗಡಿ ಮೇಲ್‌ನ ಎರಡು ಹಂತದ ಪರಿಶೀಲನೆಯ ಒಟಿಪಿ ಕೂಡ ಅವನ ನಂಬರ್‌ಗೇ ಹೋಗ್ತಿತ್ತು. ಅದನ್ನು ಬದಲಿಸಿದ ಮೇಲೂ ರಿಕವರಿ ಫೋನ್ ಅಂತ ಬೇರೆ ಜಾಗದಲ್ಲಿ ಅದೇ ನಂಬರ್ ಕೂತಿತ್ತು! ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಈಗ ಅಥೆಂಟಿಕೇಟರ್ ಆ್ಯಪ್ ಅಣ್ಣನ ಫೋನಲ್ಲಿದೆ, 10 ಬ್ಯಾಕಪ್ ಕೋಡ್‌ಗಳ ಪ್ರಿಂಟ್ ಮನೆಯ ಬೀರುವಿನಲ್ಲಿದೆ. ಒಂದು ಕೋಡ್ ಒಂದೇ ಸಲ ನಡೆಯುತ್ತೆ.

ಇನ್ಮೇಲೆ ಹುಡುಗರಿಗೆ ಮ್ಯಾನೇಜರ್ ಪಾತ್ರ ಮಾತ್ರ. ರಿವ್ಯೂಗೆ ಉತ್ತರ ಕೊಡೋಕೆ, ಫೋಟೊ ಹಾಕೋಕೆ ಅದು ಸಾಕು, ಬೇರೆಯವರನ್ನು ಸೇರಿಸೋಕೆ ತೆಗೆಯೋಕೆ ಆಗಲ್ಲ. ಯಾರಾದರೂ ಬಿಟ್ಟರೆ ಕೊನೆಯ ಸಂಬಳ ಕೊಡುವ ದಿನವೇ ಅವರ ಪಾತ್ರ ತೆಗೆದು, ಅಂಗಡಿ ಮೇಲ್‌ನಲ್ಲಿ "ನಿಮ್ಮ ಸಾಧನಗಳು" ತೆರೆದು ಅವರ ಫೋನನ್ನು ಸೈನ್ ಔಟ್ ಮಾಡ್ತೇವೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.